ಪ್ರೆಸೆಂಟೇಶನ್‌ನಲ್ಲಿ ‘ಅಟ್ ದಿ ಎಂಡ್ ಆಫ್ ದಿ ಡೇ’ ಬದಲು ಏನ್ ಹೇಳೋದು: ಒಂದು ಪೂರ್ತಿ ಉದಾಹರಣೆ ಜೊತೆ

ಬೆಂಗಳೂರಿನ ಯಾವ ಆಫೀಸಲ್ಲಾದ್ರೂ ಮೀಟಿಂಗ್ ರೂಮಲ್ಲಿ ಅರ್ಧ ಗಂಟೆ ಕೂತ್ರೆ ಸಾಕು, ‘ಅಟ್ ದಿ ಎಂಡ್ ಆಫ್ ದಿ ಡೇ’ ಅನ್ನೋದು ಕಿವಿಗೆ ಬಿದ್ದೇ ಬೀಳುತ್ತೆ. ಕನ್ನಡದಲ್ಲಿ ಮಾತಾಡೋವಾಗ್ಲೂ ‘ಅಟ್ ದಿ ಎಂಡ್ ಆಫ್ ದಿ ಡೇ ಏನಪ್ಪಾ ಅಂದ್ರೆ’ ಅಂತ ಸೇರ್ಕೊಂಡ್ಬಿಟ್ಟಿದೆ. ಟೀಮ್ ಒಳಗೆ ಮಾತಾಡೋವಾಗ ಇದರಿಂದ ಏನೂ ತೊಂದ್ರೆ ಇಲ್ಲ, ಆದ್ರೆ ಡೈರೆಕ್ಟರ್‌ಗಳ ಮುಂದೆ, ಕ್ಲೈಂಟ್ ಮುಂದೆ, ಬ್ಯಾಂಕ್‌ನವರ ಮುಂದೆ ಫಾರ್ಮಲ್ ಆಗಿ ಸ್ಲೈಡ್ ಇಟ್ಕೊಂಡು ನಿಂತಾಗ ಈ ಮಾತು ಕೆಲಸ ಕೆಡಿಸುತ್ತೆ. ಬ್ರಿಟನ್ನಿನಲ್ಲಿ ಸರಳ ಇಂಗ್ಲಿಷಿಗಾಗಿ 1979ರಿಂದ ಕೆಲಸ ಮಾಡ್ತಿರೋ ಪ್ಲೇನ್ ಇಂಗ್ಲಿಷ್ ಕ್ಯಾಂಪೇನ್ ಸಂಸ್ಥೆ 2004ರಲ್ಲಿ ತನ್ನ ಬೆಂಬಲಿಗರನ್ನ ‘ಯಾವ ಸವಕಲು ಮಾತು ಕೇಳಿದ್ರೆ ನಿಮಗೆ ಹೆಚ್ಚು ರೇಗುತ್ತೆ’ ಅಂತ ಕೇಳಿದಾಗ ಮೊದಲನೇ ಜಾಗಕ್ಕೆ ಬಂದಿದ್ದು ಇದೇ. ಅಂದ್ರೆ ಇಂಗ್ಲಿಷ್ ಮನೆಮಾತಾಗಿರೋರಿಗೇ ಇದು ಸಾಕಾಗಿ ಹೋಗಿದೆ.

ನನ್ನ ಪ್ರಕಾರ ಕೇಳೋರಿಗೆ ಬೇಜಾರಾಗುತ್ತೆ ಅನ್ನೋದು ಚಿಕ್ಕ ಕಾರಣ, ಇನ್ನೂ ದೊಡ್ಡದೊಂದಿದೆ. ಈ ಒಂದೇ ಮಾತನ್ನ ನಾವು ನಾಲ್ಕೈದು ಬೇರೆ ಬೇರೆ ಕೆಲಸಕ್ಕೆ ಬಳಸ್ತೀವಿ, ಒಂದ್ಸಲ ತೀರ್ಮಾನ ಹೇಳೋಕೆ, ಒಂದ್ಸಲ ಯಾವುದು ಮುಖ್ಯ ಅಂತ ಒತ್ತಿ ಹೇಳೋಕೆ, ಇನ್ನೊಂದ್ಸಲ ಉತ್ತರ ಗೊತ್ತಿಲ್ದೇ ಇರೋ ಪ್ರಶ್ನೆನ ಮುಗಿಸಿಬಿಡೋಕೆ. ಹಾಗಾಗಿ ಇದಕ್ಕೆ ಬದಲಿ ಒಂದೇ ಮಾತು ಅಂತ ಇಲ್ಲ. ಇಂಟರ್ನೆಟ್ಟಲ್ಲಿ ಸಿಗೋ ಉದ್ದ ಲಿಸ್ಟ್‌ನಿಂದ ‘ಅಲ್ಟಿಮೇಟ್ಲಿ’ ಅಂತ ಒಂದು ಎತ್ಕೊಂಡು ಎಲ್ಲಾ ಕಡೆ ಅದನ್ನೇ ಹಾಕಿದ್ರೆ ಮಾತು ಬದಲಾಯ್ತು ಅಷ್ಟೇ, ಮಂಕು ಹಾಗೇ ಉಳೀತು. ಮೊದಲು ಆ ಜಾಗದಲ್ಲಿ ಅದು ಏನು ಕೆಲಸ ಮಾಡ್ತಿದೆ ಅಂತ ನೋಡ್ಬೇಕು, ಆಮೇಲೆ ಆ ಕೆಲಸಕ್ಕೆ ಸರಿಯಾದ ಮಾತು ಹುಡುಕ್ಬೇಕು.

ಮೊದಲು ಹುಡುಕಿ

ಸ್ಪೀಕರ್ ನೋಟ್ಸ್ ಬರೆದಿದ್ರೆ ಅದನ್ನೆಲ್ಲಾ ಒಂದೇ ಡಾಕ್ಯುಮೆಂಟ್‌ಗೆ ಕಾಪಿ ಮಾಡ್ಕೊಂಡು `end of the day` ಅಂತ ಸರ್ಚ್ ಮಾಡಿ, ಜೊತೆಗೆ `EOD` ಅಂತಾನೂ ಮಾಡಿ (ಅದು ಯಾಕೆ ಅಂತ ಕೆಳಗೆ ಹೇಳ್ತೀನಿ). ಆದ್ರೆ ನೋಟ್ಸ್‌ನಲ್ಲಿ ಇದು ಸಿಗೋದು ಕಮ್ಮಿ, ಬರೆಯೋವಾಗ ನಾವು ಸ್ವಲ್ಪ ಎಚ್ಚರವಾಗಿರ್ತೀವಿ, ಬಾಯಲ್ಲಿ ಬರೋದೇ ಜಾಸ್ತಿ. ಅದಕ್ಕೆ ಪ್ರಾಕ್ಟೀಸ್ ಮಾಡೋವಾಗ ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ, ನೋಟ್ಸ್ ನೋಡಿ ಓದ್ಬೇಡಿ, ಎದುರಿಗೆ ಜನ ಇದಾರೆ ಅನ್ನೋ ಥರ ಎದ್ದು ನಿಂತು ಮಾತಾಡಿ. ಆಮೇಲೆ ಕೇಳಿಸ್ಕೊಳ್ತಾ ಆ ಮಾತು ಬಂದಾಗೆಲ್ಲಾ ನಿಲ್ಲಿಸಿ ಅದರ ಹಿಂದಿನ ಒಂದು ವಾಕ್ಯ, ಮುಂದಿನ ಒಂದು ವಾಕ್ಯ ಎರಡನ್ನೂ ಬರ್ಕೊಳ್ಳಿ. ಬರೀ ಎಷ್ಟು ಸಲ ಬಂತು ಅಂತ ಎಣಿಸಿದ್ರೆ ಉಪಯೋಗ ಇಲ್ಲ. ಅದು ಅಲ್ಲಿ ಏನು ಮಾಡ್ತಿದೆ ಅಂತ ತಿಳಿಯೋದು ಹಿಂದು ಮುಂದಿನ ವಾಕ್ಯ ನೋಡಿದಾಗ್ಲೇ.

ಒಂದು ಉದಾಹರಣೆ ಇಟ್ಕೊಳ್ಳೋಣ

ಪೀಣ್ಯದಲ್ಲಿ ಒಂದು ಸಣ್ಣ ಫ್ಯಾಕ್ಟರಿ ಅನ್ಕೊಳ್ಳಿ, ಪರ್ಚೇಸ್ ಮ್ಯಾನೇಜರ್ ಡೈರೆಕ್ಟರ್‌ಗಳಿಗೆ ಪ್ರೆಸೆಂಟೇಶನ್ ಕೊಡ್ಬೇಕು. ವಿಷಯ ಏನು ಅಂದ್ರೆ ರಟ್ಟಿನ ಬಾಕ್ಸನ್ನ ಇನ್ಮೇಲೆ ಯಾರ ಹತ್ರ ತಗೋಬೇಕು ಅಂತ. ತಿಂಗಳಿಗೆ 20,000 ಬಾಕ್ಸ್ ಬೇಕು. ಎ ಅನ್ನೋ ವೆಂಡರ್ ಒಂದಕ್ಕೆ 18 ರೂಪಾಯಿ ಹೇಳ್ತಾನೆ, ಆದ್ರೆ ಆರ್ಡರ್ ಕೊಟ್ಟ ಮೇಲೆ ಮಾಲು ಬರೋಕೆ 12 ದಿನ. ಬಿ ಅನ್ನೋನು 19 ರೂಪಾಯಿ 50 ಪೈಸೆ ಹೇಳ್ತಾನೆ, ಆದ್ರೆ 4 ದಿನದಲ್ಲಿ ಕೊಡ್ತಾನೆ. ಲೆಕ್ಕ ಹಾಕಿದ್ರೆ ಎ ಹತ್ರ ತಿಂಗಳಿಗೆ 3,60,000, ಬಿ ಹತ್ರ 3,90,000, ಮೇಲ್ನೋಟಕ್ಕೆ ಬಿ 30,000 ಜಾಸ್ತಿ. ಆದ್ರೆ ಎ ಮಾಲು ನಿಧಾನ ಅಂತ ಮೊದಲೇ ಜಾಸ್ತಿ ತರಿಸಿ ಇಟ್ಕೋಬೇಕು, ಅದಕ್ಕೆ ಹೊರಗಡೆ ಗೋಡೌನ್ ಬಾಡಿಗೆ 22,000, ಅಲ್ಲಿ ತೇವ ಹಿಡಿದು ನೂರಕ್ಕೆ ಎರಡು ಬಾಕ್ಸ್ ಹಾಳಾಗುತ್ತೆ ಅಂದ್ರೆ 400 ಬಾಕ್ಸ್, 7,200 ರೂಪಾಯಿ. ಎಲ್ಲಾ ಸೇರಿಸಿದ್ರೆ ಎ ಖರ್ಚು 3,89,200. ಈಗ ವ್ಯತ್ಯಾಸ ಬರೀ 800 ರೂಪಾಯಿ.

ನೋಡಿ, ಕೇಸ್ ಗಟ್ಟಿಯಾಗಿದೆ. ಆದ್ರೆ ಪ್ರಾಕ್ಟೀಸ್ ರೆಕಾರ್ಡಿಂಗ್‌ನಲ್ಲಿ ಈ ಮ್ಯಾನೇಜರ್ ಐದು ಕಡೆ ‘ಅಟ್ ದಿ ಎಂಡ್ ಆಫ್ ದಿ ಡೇ’ ಅಂದಿದಾರೆ. ಒಂದೊಂದಾಗಿ ತಗೊಳ್ಳೋಣ.

ಶುರುವಲ್ಲಿ ಬರೋದನ್ನ ತೆಗೆದೇ ಬಿಡಿ

ಎರಡನೇ ಸ್ಲೈಡಲ್ಲಿ ಅವರು ಹೇಳಿದ್ದು: ‘ಅಟ್ ದಿ ಎಂಡ್ ಆಫ್ ದಿ ಡೇ, ಬೋತ್ ವೆಂಡರ್ಸ್ ಆರ್ ಗುಡ್.’ ಇಲ್ಲಿ ಅದು ಯಾವ ಕೆಲಸಾನೂ ಮಾಡ್ತಿಲ್ಲ, ಮುಂದೆ ಏನು ಹೇಳ್ಬೇಕು ಅಂತ ಯೋಚನೆ ಮಾಡೋಕೆ ತಗೊಂಡ ಸಮಯ ಅಷ್ಟೇ. ಇಂಥ ಕಡೆ ಬದಲಿ ಮಾತು ಹುಡುಕೋಕೆ ಹೋಗ್ಬೇಡಿ. ಸುಮ್ನೆ ಅಳಿಸಿ, ಆಮೇಲೆ ಉಳಿದ ವಾಕ್ಯ ಒಂದೇ ತನ್ನ ಕಾಲ ಮೇಲೆ ನಿಲ್ಲುತ್ತಾ ನೋಡಿ. ‘ಬೋತ್ ವೆಂಡರ್ಸ್ ಆರ್ ಗುಡ್’ ನಿಲ್ಲಲ್ಲ, ಯಾಕಂದ್ರೆ ಯಾವುದರಲ್ಲಿ ಗುಡ್ ಅಂತ ಯಾರಾದ್ರೂ ಕೇಳ್ತಾರೆ. ಹಾಗಾಗಿ ‘ಬೋತ್ ವೆಂಡರ್ಸ್ ಪಾಸ್ಡ್ ಅವರ್ ಸ್ಟ್ರೆಂತ್ ಟೆಸ್ಟ್’ ಅಂತ ಮಾಡಿದ್ರೆ, ಸರಿ, ಕ್ವಾಲಿಟಿ ವಿಷಯ ಮುಗೀತು, ಇನ್ನು ರೇಟು ಮತ್ತು ಟೈಮ್ ನೋಡೋಣ ಅಂತ ಕೇಳೋರು ಮುಂದಕ್ಕೆ ಬರ್ತಾರೆ.

ಈ ಅಳಿಸೋ ಪರೀಕ್ಷೆನ ಎಲ್ಲಾ ಜಾಗದಲ್ಲೂ ಮೊದಲು ಮಾಡಿ. ನಾನು ನೋಡಿದ ಮಟ್ಟಿಗೆ ಹೆಚ್ಚಿನ ಕಡೆ ಅಳಿಸಿದ್ರೆ ಏನೂ ನಷ್ಟ ಆಗಲ್ಲ, ಆ ಜಾಗದಲ್ಲಿ ಒಂದು ಉಸಿರು ತಗೊಂಡು ನಿಲ್ಲಿಸಿದ್ರೆ ಸಾಕು. ಸ್ಕ್ರಿಪ್ಟ್‌ನಲ್ಲಿ ಅಲ್ಲೊಂದು ಗೆರೆ ಎಳೆದು ಇಟ್ಕೊಳ್ಳಿ, ಇಲ್ಲಾಂದ್ರೆ ಸ್ಟೇಜ್ ಮೇಲೆ ಆ ಖಾಲಿ ಜಾಗಕ್ಕೆ ‘ಬೇಸಿಕಲಿ’ ಬಂದು ಕೂತ್ಕೊಳ್ಳುತ್ತೆ.

ಲೆಕ್ಕದ ಜಾಗದಲ್ಲಿ ಲೆಕ್ಕಾನೇ ಹೇಳಿ

ಖರ್ಚಿನ ಸ್ಲೈಡಲ್ಲಿ ಅವರು ಅಂದಿದ್ದು: ‘ಅಟ್ ದಿ ಎಂಡ್ ಆಫ್ ದಿ ಡೇ, ದಿ ಕಾಸ್ಟ್ ಈಸ್ ಆಲ್ಮೋಸ್ಟ್ ಸೇಮ್.’ ಇದು ಪೂರ್ತಿ ಪ್ರೆಸೆಂಟೇಶನ್‌ನಲ್ಲಿ ಅತಿ ಮುಖ್ಯವಾದ ವಾಕ್ಯ, ಅದೇ ಹಾಳಾಗಿದೆ. 30,000 ವ್ಯತ್ಯಾಸ ಅಂತ ಕಣ್ಣ ಮುಂದೆ ಕಾಣ್ತಿದೆ, ಈ ಮನುಷ್ಯ ಹೆಚ್ಚೂ ಕಮ್ಮಿ ಒಂದೇ ಅಂತಾರೆ, ಡೈರೆಕ್ಟರ್‌ಗೆ ಅನುಮಾನ ಬಂದೇ ಬರುತ್ತೆ. ಇಲ್ಲಿ ಆ ಇಡಿಯಮ್ ಹಿಂದೆ ಒಂದು ಪೂರ್ತಿ ಲೆಕ್ಕ ಅಡಗಿ ಕೂತಿದೆ, ಅದನ್ನ ಹೊರಗೆ ಎಳೆದ್ರೆ ಅದೇ ನಿಮ್ಮ ಬದಲಿ ಮಾತು: ‘ಒನ್ಸ್ ಗೋಡೌನ್ ರೆಂಟ್ ಅಂಡ್ ಡ್ಯಾಮೇಜ್ ಆರ್ ಇನ್‌ಕ್ಲೂಡೆಡ್, ದಿ ಡಿಫರೆನ್ಸ್ ಈಸ್ ಏಟ್ ಹಂಡ್ರೆಡ್ ರುಪೀಸ್ ಎ ಮಂತ್.’ ಗೋಡೌನ್ ಬಾಡಿಗೆ, ಹಾಳಾದ ಮಾಲು ಎರಡನ್ನೂ ಸೇರಿಸಿದ ಮೇಲೆ ವ್ಯತ್ಯಾಸ ತಿಂಗಳಿಗೆ 800.

ಈ ‘ಒನ್ಸ್ ಇಷ್ಟು ಸೇರಿಸಿದ್ರೆ’ ಅನ್ನೋ ರಚನೆನ ದಯವಿಟ್ಟು ಕೈಯಲ್ಲಿ ಇಟ್ಕೊಳ್ಳಿ. ‘ಆಫ್ಟರ್ ಟ್ಯಾಕ್ಸ್’, ‘ಇನ್‌ಕ್ಲೂಡಿಂಗ್ ಟ್ರಾನ್ಸ್‌ಪೋರ್ಟ್’, ‘ಓವರ್ ತ್ರೀ ಇಯರ್ಸ್’ ಇವೂ ಅದೇ ಜಾತಿ. ಯಾವುದನ್ನ ಲೆಕ್ಕಕ್ಕೆ ತಗೊಂಡಿದೀರ ಅಂತ ಇವು ಹೆಸರಿಟ್ಟು ಹೇಳ್ತವೆ. ‘ಆಲ್ ಥಿಂಗ್ಸ್ ಕನ್ಸಿಡರ್ಡ್’ ಅಂದ್ರೂ ಫಾರ್ಮಲ್ ಆಗೇ ಕೇಳಿಸುತ್ತೆ, ಆದ್ರೆ ಆ ‘ಆಲ್ ಥಿಂಗ್ಸ್’ ಯಾವುವು ಅಂತ ಹಿಂದಿನ ಸ್ಲೈಡಲ್ಲಿ ನೀವು ತೋರಿಸಿದ್ರೆ ಮಾತ್ರ. ತೋರಿಸ್ದೇ ಹೇಳಿದ್ರೆ ಅದೂ ಹಳೇ ಮಾತಿನಷ್ಟೇ ಟೊಳ್ಳು.

ಇಲ್ಲಿ ಇನ್ನೊಂದು ಗುಂಡಿ ಇದೆ, ‘ಬಾಟಮ್ ಲೈನ್’. ಇಡಿಯಮ್ ಬಿಡೋಕೆ ಹೋಗಿ ‘ದಿ ಬಾಟಮ್ ಲೈನ್ ಈಸ್’ ಅನ್ನೋರು ತುಂಬಾ ಜನ. ಅಕೌಂಟ್ಸ್‌ನವರಿಗೆ ಬಾಟಮ್ ಲೈನ್ ಅಂದ್ರೆ ಪ್ರಾಫಿಟ್ ಅಂಡ್ ಲಾಸ್ ಸ್ಟೇಟ್‌ಮೆಂಟ್‌ನ ಕೊನೇ ಸಾಲು, ನಿವ್ವಳ ಲಾಭ. ಖರ್ಚಿನ ಸ್ಲೈಡ್ ಪಕ್ಕದಲ್ಲಿ ನಿಂತು ಆ ಮಾತಂದ್ರೆ ಫೈನಾನ್ಸ್‌ನವರು ನಿಜವಾಗ್ಲೂ ಲಾಭದ ಅಂಕಿ ಬರುತ್ತೆ ಅಂತ ಕಾಯ್ತಾರೆ. ಹಣದ ವಿಷಯ ಇರೋ ಪ್ರೆಸೆಂಟೇಶನ್‌ನಲ್ಲಿ ಆ ಪದನ ಅದರ ಸ್ವಂತ ಅರ್ಥಕ್ಕೇ ಮೀಸಲಿಡಿ.

ಯಾವುದು ಮುಖ್ಯ ಅಂತ ಹೇಳೋ ಜಾಗ

ಮೂರನೇದು: ‘ಅಟ್ ದಿ ಎಂಡ್ ಆಫ್ ದಿ ಡೇ, ಪ್ರೊಡಕ್ಷನ್ ಶುಡ್ ನಾಟ್ ಸ್ಟಾಪ್.’ ಬಾಕ್ಸ್ ಇಲ್ದೇ ಲೈನ್ ನಿಂತ್ರೆ ಅದಕ್ಕಿಂತ ದೊಡ್ಡ ನಷ್ಟ ಇಲ್ಲ ಅನ್ನೋದು ಅವರ ಮಾತಿನ ಅರ್ಥ, ಅಂದ್ರೆ ಹಲವು ವಿಷಯಗಳಲ್ಲಿ ಒಂದನ್ನ ಮೇಲೆತ್ತಿ ಇಡ್ತಿದಾರೆ. ಇದಕ್ಕೆ ನೇರವಾಗಿ ‘ದಿ ಡಿಸೈಡಿಂಗ್ ಫ್ಯಾಕ್ಟರ್ ಈಸ್ ಡೆಲಿವರಿ ಟೈಮ್’ ಅಂದ್ರೆ ಮುಗೀತು. ಅಥವಾ ‘ಅವರ್ ಫಸ್ಟ್ ಪ್ರಯಾರಿಟಿ ಈಸ್ ಟು ಕೀಪ್ ದಿ ಲೈನ್ ರನ್ನಿಂಗ್’. ಎರಡರಲ್ಲಿ ಯಾವುದು ಅಂದ್ರೆ, ಬೇರೆ ಎಲ್ಲಾ ಸಮ ಆಗಿ ಒಂದೇ ವಿಷಯದಿಂದ ತೀರ್ಮಾನ ಆಗ್ತಿದ್ರೆ ಡಿಸೈಡಿಂಗ್ ಫ್ಯಾಕ್ಟರ್, ನಮ್ಮ ಕೇಸಲ್ಲಿ ಆಗಿರೋದು ಅದೇ, ಕ್ವಾಲಿಟಿ ಸಮ, ಖರ್ಚು ಹೆಚ್ಚೂ ಕಮ್ಮಿ ಸಮ, ಉಳಿದಿದ್ದು 12 ದಿನ ಮತ್ತು 4 ದಿನ. ಬೇರೆ ವಿಷಯಗಳು ಇನ್ನೂ ಎದುರು ನಿಂತಿದ್ರೂ ಇದನ್ನೇ ಮೊದಲು ನೋಡ್ತೀವಿ ಅನ್ನೋದಾದ್ರೆ ಫಸ್ಟ್ ಪ್ರಯಾರಿಟಿ. ಒಂದು ಪ್ರೆಸೆಂಟೇಶನ್‌ನಲ್ಲಿ ಇಂಥ ವಾಕ್ಯ ಒಂದೇ ಇರ್ಲಿ, ಎರಡು ಡಿಸೈಡಿಂಗ್ ಫ್ಯಾಕ್ಟರ್ ಅಂದ್ರೆ ಯಾವುದೂ ಡಿಸೈಡ್ ಮಾಡ್ತಿಲ್ಲ ಅಂತ ಅರ್ಥ.

ತೀರ್ಮಾನ ಹೇಳೋ ಜಾಗ, ಇಲ್ಲಿ ಸ್ವಲ್ಪ ನಿಧಾನ

ನಾಲ್ಕನೇದು ಕೊನೇ ಸ್ಲೈಡಿಗೆ ಬಂದಿದ್ದು: ‘ಸೋ ಅಟ್ ದಿ ಎಂಡ್ ಆಫ್ ದಿ ಡೇ, ವಿ ಶುಡ್ ಗೋ ವಿತ್ ಬಿ.’ ಬದಲಿ ಮಾತುಗಳು ಅತಿ ಹೆಚ್ಚು ಸಿಗೋದು ಇದಕ್ಕೆ, ಜನ ತಪ್ಪು ಆರಿಸೋದೂ ಇಲ್ಲೇ.

ಲಾಭ ನಷ್ಟ ಎರಡನ್ನೂ ಎದುರು ಬದುರು ಇಟ್ಟು ತೂಗಿ ನೋಡಿ ಹೇಳ್ತಿದ್ರೆ ‘ಆನ್ ಬ್ಯಾಲೆನ್ಸ್’. ಬಿ ಕಡೆ ಸ್ವಲ್ಪ ಜಾಸ್ತಿ ದುಡ್ಡು, ಎ ಕಡೆ ಲೇಟು, ಎರಡೂ ತೋರಿಸಿದೀವಿ, ಹಾಗಾಗಿ ‘ಆನ್ ಬ್ಯಾಲೆನ್ಸ್, ವಿ ರೆಕಮೆಂಡ್ ವೆಂಡರ್ ಬಿ’ ಇಲ್ಲಿ ಸರಿಯಾಗಿ ಕೂರುತ್ತೆ. ಆದ್ರೆ ನೀವು ಬರೀ ಬಿ ಬಗ್ಗೆ ಒಳ್ಳೇದನ್ನೇ ಹೇಳಿಕೊಂಡು ಬಂದು ಕೊನೆಗೆ ಆನ್ ಬ್ಯಾಲೆನ್ಸ್ ಅಂದ್ರೆ, ಇನ್ನೊಂದು ತಟ್ಟೆಯಲ್ಲಿ ಏನಿತ್ತು ಅಂತ ಯಾರಿಗೂ ಗೊತ್ತಾಗಲ್ಲ.

ಎದುರು ವಾದವೇ ಇಲ್ಲ, ಮೇಲಿನ ಮಾತಿಂದ ಇದು ತಾನಾಗೇ ಬರುತ್ತೆ ಅನ್ನೋವಾಗ ‘ದೇರ್‌ಫೋರ್’ ಸಾಕು. ಹಳೇ ಪದ ಅಂತ ಕೆಲವರು ಹಿಂಜರೀತಾರೆ, ಹಿಂಜರೀಬೇಡಿ, ಫಾರ್ಮಲ್ ಮಾತಲ್ಲಿ ಅದು ಚೆನ್ನಾಗೇ ಕೇಳಿಸುತ್ತೆ. ಬೇರೆ ಬೇರೆ ಭಾಗಗಳ ಫಲಿತಾಂಶ ಒಟ್ಟು ಸೇರಿಸಿ ಹೇಳೋವಾಗ ‘ಓವರಾಲ್’, ಉದಾಹರಣೆಗೆ ನಾಲ್ಕು ಬ್ರಾಂಚ್‌ಗಳಲ್ಲಿ ಒಂದರಲ್ಲಿ ಸೇಲ್ಸ್ ಕಮ್ಮಿ, ಮೂರರಲ್ಲಿ ಜಾಸ್ತಿ ಇದ್ದಾಗ. ಈಗಾಗ್ಲೇ ಹೇಳಿದ್ದನ್ನೇ ಚಿಕ್ಕದಾಗಿ ಮತ್ತೆ ಹೇಳ್ತಿದ್ರೆ ‘ಟು ಸಮರೈಸ್’, ಆದ್ರೆ ಅದು ಹೇಳಿದ ಮೇಲೆ ಹೊಸ ವಿಷಯ ತರೋ ಹಾಗಿಲ್ಲ, ತಂದ್ರೆ ಕೇಳೋರು ಪೆನ್ ಮುಚ್ಚಿಟ್ಟ ಮೇಲೆ ಮುಖ್ಯ ಮಾತು ಬಂದ ಹಾಗಾಗುತ್ತೆ.

‘ಅಲ್ಟಿಮೇಟ್ಲಿ’ ಬಗ್ಗೆ ಎಲ್ಲರೂ ಕೇಳ್ತಾರೆ. ಅದು ಒಳ್ಳೇ ಪದಾನೇ, ಆದ್ರೆ ಅದಕ್ಕೆ ಒಂದು ಸರಪಳಿ ಬೇಕು, ಹಲವು ಹಂತ ದಾಟಿ ಕೊನೆಗೆ ಎಲ್ಲಿಗೆ ಮುಟ್ಟುತ್ತೆ ಅಂತ ಹೇಳೋವಾಗ ಅದು ಸರಿ. ಬಾಕ್ಸ್ ಲೇಟಾದ್ರೆ ಪ್ಯಾಕಿಂಗ್ ಲೇಟು, ಪ್ಯಾಕಿಂಗ್ ಲೇಟಾದ್ರೆ ಡಿಸ್ಪ್ಯಾಚ್ ಲೇಟು, ‘ಅಲ್ಟಿಮೇಟ್ಲಿ ದಿ ಕಸ್ಟಮರ್ ವೇಟ್ಸ್’. ಇಲ್ಲಿ ಹಂತ ಇದೆ, ಕೊನೆ ಇದೆ. ಇದರ ಜಾಗಕ್ಕೆ ‘ಈವೆಂಚುವಲಿ’ ಅಂತ ಹಾಕೋರಿದಾರೆ, ಅದು ಬೇರೆ, ಅದರಲ್ಲಿ ಕಾಲ ಇದೆ, ತಡವಾಗಿ ಆದ್ರೂ ಒಂದಿನ ಆಗುತ್ತೆ ಅನ್ನೋ ಅರ್ಥ. ‘ಈವೆಂಚುವಲಿ ವಿ ರೆಕಮೆಂಡ್ ಬಿ’ ಅಂದ್ರೆ ಮುಂದೆ ಯಾವಾಗಲೋ ರೆಕಮೆಂಡ್ ಮಾಡ್ತೀವಿ, ಈಗಲ್ಲ ಅನ್ನೋ ಹಾಗೆ ಕೇಳಿಸುತ್ತೆ. ‘ಫೈನಲಿ’ ಕೂಡ ಇಲ್ಲಿ ಬೇಡ, ಅದನ್ನ ಕೇಳಿದ ತಕ್ಷಣ ಇದು ಪಟ್ಟಿಯ ಕೊನೇ ಐಟಂ ಅಂತ ಅನ್ಕೊಳ್ತಾರೆ.

ಸುಲಭವಾಗಿ ಪರೀಕ್ಷೆ ಮಾಡೋದು ಹೀಗೆ: ನೀವು ಆರಿಸಿದ ಪದ ಇರೋ ವಾಕ್ಯ ಮತ್ತು ಅದರ ಹಿಂದಿನ ವಾಕ್ಯ ಎರಡನ್ನೇ ವಿಷಯ ಗೊತ್ತಿಲ್ಲದ ಒಬ್ಬರಿಗೆ ಓದಿ ಹೇಳಿ. ಆನ್ ಬ್ಯಾಲೆನ್ಸ್ ಅಂದಿದ್ರೆ ಯಾವ ಎರಡನ್ನ ತೂಗಿದ್ರು ಅಂತ ಅವರು ಹೇಳ್ಬೇಕು. ದೇರ್‌ಫೋರ್ ಅಂದಿದ್ರೆ ಕಾರಣ ಏನು ಅಂತ ಹೇಳ್ಬೇಕು. ಹೇಳೋಕಾಗ್ಲಿಲ್ಲ ಅಂದ್ರೆ ಒಂದೋ ಪದ ತಪ್ಪು, ಇಲ್ಲಾ ಹಿಂದೆ ಒಂದು ವಾಕ್ಯ ಬಿಟ್ಟುಹೋಗಿದೆ.

ಸ್ಲೈಡ್ ಮೇಲೆ ಬರೆಯೋವಾಗ ಇದ್ಯಾವುದೂ ಬೇಕಾಗಲ್ಲ. ಹೆಡ್ಡಿಂಗ್ ‘ರೆಕಮೆಂಡೇಶನ್: ವೆಂಡರ್ ಬಿ’ ಅಂತ ಇದ್ರೆ ಆಯ್ತು. ಜೋಡಿಸೋ ಪದಗಳೆಲ್ಲಾ ಬಾಯಲ್ಲಿ ಹೇಳೋ ಮಾತಿಗೆ.

ಟೈಮ್ ಬಗ್ಗೆ ಮಾತಾಡೋ ಜಾಗದಲ್ಲಿ ಜಾಸ್ತಿ ಹುಷಾರು

ಐದನೇದು ನೋಡಿ: ‘ಅಟ್ ದಿ ಎಂಡ್ ಆಫ್ ದಿ ಡೇ, ಯು ವಿಲ್ ಗೆಟ್ ದಿ ಸ್ಟಾಕ್ ಇನ್ ಫೋರ್ ಡೇಸ್.’ ಒಂದೇ ವಾಕ್ಯದಲ್ಲಿ ಡೇ ಎರಡು ಸಲ, ಒಂದಕ್ಕೆ ಅರ್ಥ ಇಲ್ಲ, ಇನ್ನೊಂದಕ್ಕೆ ಇದೆ. ಕೇಳ್ತಿರೋರು ಜರ್ಮನಿಯವರೋ ಜಪಾನಿನವರೋ ಆಗಿದ್ದು ಇಂಗ್ಲಿಷ್ ಅವರಿಗೂ ಕಲಿತ ಭಾಷೆ ಆಗಿದ್ರೆ, ‘ಅಟ್ ದಿ ಎಂಡ್ ಆಫ್ ದಿ ಡೇ ವಿ ವಿಲ್ ಡೆಲಿವರ್’ ಅಂದಾಗ ಇವತ್ತು ಸಂಜೆಗೇ ಕೊಡ್ತಾರೆ ಅಂತ ಬರ್ಕೊಂಡು ಹೋಗೋ ಸಾಧ್ಯತೆ ನಿಜವಾಗ್ಲೂ ಇದೆ. ತಾರೀಕು, ದಿನ, ಗಡುವು ಇರೋ ವಾಕ್ಯದಲ್ಲಿ ಈ ಇಡಿಯಮ್ ಒಂದ್ಸಲಾನೂ ಬರೋ ಹಾಗಿಲ್ಲ.

ನಿಜವಾಗ್ಲೂ ಇವತ್ತು ಸಂಜೆ ಅಂತಲೇ ಹೇಳೋದಿದ್ರೂ `EOD` ಬೇಡ. ಬೆಂಗಳೂರಲ್ಲಿ ಸಂಜೆ 6 ಗಂಟೆ ಅಂದ್ರೆ ಚಳಿಗಾಲದಲ್ಲಿ ಲಂಡನ್‌ನಲ್ಲಿ ಮಧ್ಯಾಹ್ನ 12:30, ನ್ಯೂಯಾರ್ಕ್‌ನಲ್ಲಿ ಬೆಳಿಗ್ಗೆ 7:30. ಯಾರ ದಿನದ ಕೊನೆ ಅಂತ ಅವರು ಊಹಿಸ್ಬೇಕು. ‘ಬೈ ಸಿಕ್ಸ್ ಪಿಎಂ ಇಂಡಿಯಾ ಟೈಮ್, ಥರ್ಸ್‌ಡೇ’ ಅಂತ ಗಂಟೆ, ಊರು, ವಾರ ಮೂರೂ ಹೇಳಿಬಿಡಿ.

ಕ್ವೆಶ್ಚನ್ ಅವರ್‌ಗೆ ಬೇರೆ ತಯಾರಿ

ಸ್ಕ್ರಿಪ್ಟ್ ಎಲ್ಲಾ ಕ್ಲೀನ್ ಆದ ಮೇಲೂ ಪ್ರಶ್ನೆ ಬಂದಾಗ ಇದು ಬಾಯಿಗೆ ಬರುತ್ತೆ, ಯಾಕಂದ್ರೆ ಒತ್ತಡದಲ್ಲಿ ಮೊದಲು ಬರೋದೇ ಅಭ್ಯಾಸದ ಮಾತು. ಡೈರೆಕ್ಟರ್ ಒಬ್ಬರು ‘40,000 ಬಾಕ್ಸ್ ಒಟ್ಟಿಗೆ ತಗೊಂಡ್ರೆ ಎ ರೇಟ್ ಇಳಿಸಲ್ವಾ?’ ಅಂತ ಕೇಳಿದ್ರು ಅನ್ಕೊಳ್ಳಿ. ಅದರ ಲೆಕ್ಕ ಕೈಯಲ್ಲಿಲ್ಲ. ‘ಸರ್, ಅಟ್ ದಿ ಎಂಡ್ ಆಫ್ ದಿ ಡೇ ಡೆಲಿವರಿ ಈಸ್ ಮೋರ್ ಇಂಪಾರ್ಟೆಂಟ್’ ಅಂದ್ರೆ ಕೇಳಿದವರಿಗೆ ತನ್ನ ಪ್ರಶ್ನೆನ ಬದಿಗೆ ತಳ್ಳಿದ ಹಾಗೆ ಅನ್ಸುತ್ತೆ. ದೊಡ್ಡವರ ಪ್ರಶ್ನೆಗೆ ಹಾಗೆ ಬಾಗಿಲು ಹಾಕೋದು ಮರ್ಯಾದೆಯೂ ಅಲ್ಲ.

ಇಂಥ ಹೊತ್ತಿಗೆ ಎರಡು ಮಾತು ಬಾಯಿಪಾಠ ಇರ್ಲಿ. ಅಂಕಿ ಗೊತ್ತಿಲ್ದಾಗ: ‘ಐ ಡೋಂಟ್ ಹ್ಯಾವ್ ದಟ್ ಫಿಗರ್ ಹಿಯರ್ ಸರ್, ಐ ವಿಲ್ ಸೆಂಡ್ ಇಟ್ ಬೈ ಥರ್ಸ್‌ಡೇ.’ ಉತ್ತರ ಗೊತ್ತಿದ್ದು ಒಪ್ಪದೇ ಇದ್ದಾಗ: ‘ದಟ್ ವುಡ್ ಲೋವರ್ ದಿ ಪ್ರೈಸ್, ಬಟ್ ವಿ ವುಡ್ ನೀಡ್ ಮೋರ್ ಗೋಡೌನ್ ಸ್ಪೇಸ್.’ ಅಂದ್ರೆ ಅವರ ಮಾತಲ್ಲಿ ನಿಜ ಇರೋದನ್ನ ಮೊದಲು ಒಪ್ಕೊಂಡು ಆಮೇಲೆ ನಿಮ್ಮದು. ತೀರ್ಮಾನ ಅವರಿಗೇ ಬಿಡೋದಾದ್ರೆ ‘ಅಟ್ ದಿ ಎಂಡ್ ಆಫ್ ದಿ ಡೇ ಇಟ್ಸ್ ಯುವರ್ ಕಾಲ್’ ಅಂತ ಕೈ ತೊಳ್ಕೊಳ್ಳೋ ಥರ ಹೇಳೋ ಬದಲು ‘ವಿ ರಿಕ್ವೆಸ್ಟ್ ದಿ ಬೋರ್ಡ್ಸ್ ಅಪ್ರೂವಲ್ ಫಾರ್ ವೆಂಡರ್ ಬಿ’ ಅಂತ ನೇರವಾಗಿ ಕೇಳಿ. ಇದನ್ನ ಅಭ್ಯಾಸ ಮಾಡೋಕೆ ಮನೆಯವರಿಗೋ ಪಕ್ಕದ ಸೀಟಿನವರಿಗೋ ನಾಲ್ಕು ಕಷ್ಟದ ಪ್ರಶ್ನೆ ಕೇಳೋಕೆ ಹೇಳಿ, ಆ ಉತ್ತರಗಳನ್ನೂ ರೆಕಾರ್ಡ್ ಮಾಡಿ. ಸ್ಕ್ರಿಪ್ಟ್ ರೆಕಾರ್ಡಿಂಗ್‌ಗಿಂತ ಈ ರೆಕಾರ್ಡಿಂಗ್‌ನಲ್ಲಿ ನಿಮ್ಮ ಅಭ್ಯಾಸ ಚೆನ್ನಾಗಿ ಸಿಕ್ಕಿಬೀಳುತ್ತೆ.

ಕನ್ನಡದಲ್ಲೇ ಪ್ರೆಸೆಂಟ್ ಮಾಡೋದಾದ್ರೆ

ಸಹಕಾರ ಸಂಘದ ಸಭೆ, ಇಲಾಖೆ ಮೀಟಿಂಗ್, ಡೀಲರ್‌ಗಳ ಮೀಟಿಂಗ್ ಇಲ್ಲೆಲ್ಲಾ ಕನ್ನಡದಲ್ಲೇ ಸ್ಲೈಡ್ ಇರುತ್ತೆ. ಅಲ್ಲಿ ‘ದಿನದ ಕೊನೆಯಲ್ಲಿ ನಮಗೆ ಲಾಭವೇ ಮುಖ್ಯ’ ಅಂತ ಬರೆದ್ರೆ ಸಂಜೆ ಅಂಗಡಿ ಬಾಗಿಲು ಹಾಕೋ ಹೊತ್ತಿನ ಲೆಕ್ಕ ಅಂತ ಓದ್ಕೊಳ್ತಾರೆ. ತೂಗಿ ನೋಡಿದ ತೀರ್ಮಾನಕ್ಕೆ ‘ಸಾಧಕ ಬಾಧಕ ನೋಡಿದ ಮೇಲೆ’, ಮೊತ್ತ ಸೇರಿಸಿದಾಗ ‘ಎಲ್ಲಾ ಖರ್ಚು ಸೇರಿ’, ಕಾರಣದಿಂದ ಬಂದ ಮಾತಿಗೆ ‘ಆದ್ದರಿಂದ’ ಇವೆಲ್ಲಾ ಸಭೆಯಲ್ಲಿ ಕೂತಿರೋ ಎಲ್ಲರಿಗೂ ಗೊತ್ತಿರೋ ಮಾತುಗಳೇ. ‘ಒಟ್ಟಾರೆ’ ಮಾತ್ರ ನೋಡ್ಕೊಂಡು ಬಳಸಿ, ಭಾಷಣಗಳಲ್ಲಿ ಅದೂ ಎಲ್ಲಾ ವಾಕ್ಯದ ಮುಂದೆ ಬರೋಕೆ ಶುರುವಾಗಿದೆ. ನಮ್ಮ ಬಾಕ್ಸ್ ಕೇಸನ್ನ ಕನ್ನಡದಲ್ಲಿ ಮುಗಿಸೋದಾದ್ರೆ ಹೀಗೆ ಹೇಳಬಹುದು: ‘ಗೋಡೌನ್ ಬಾಡಿಗೆ, ಹಾಳಾಗೋ ಮಾಲು ಸೇರಿಸಿದರೆ ಎರಡರ ವ್ಯತ್ಯಾಸ ತಿಂಗಳಿಗೆ 800 ರೂಪಾಯಿ. ಬಿ ಅವರು 8 ದಿನ ಮುಂಚೆ ಮಾಲು ಕೊಡುತ್ತಾರೆ. ಆದ್ದರಿಂದ ಬಿ ಅವರಿಗೆ ಆರ್ಡರ್ ಕೊಡಲು ತಮ್ಮ ಒಪ್ಪಿಗೆ ಕೋರುತ್ತೇವೆ.’